ನರಕೋಶದ −70 ಮಿಲಿವೋಲ್ಟ್ ಎಲ್ಲಿಂದ ಬರುತ್ತದೆ? ಲೆಕ್ಕ ಹಾಕಿ ನೋಡೋಣ

ಸುಮ್ನೆ ಇರುವ ನರಕೋಶದೊಳಗೆ ಕೂದಲಿಗಿಂತ ತೆಳುವಾದ ಎಲೆಕ್ಟ್ರೋಡ್ ಚುಚ್ಚಿ, ಇನ್ನೊಂದನ್ನು ಹೊರಗೆ ಇಟ್ಟರೆ ಮೀಟರ್ ಸುಮಾರು −70 ಮಿಲಿವೋಲ್ಟ್ ತೋರಿಸುತ್ತದೆ. ಇದೇ ವಿಶ್ರಾಂತ ಪೊರೆ ವಿಭವ. ಯಾಕೆ ಹೀಗೆ ಎಂದರೆ ‘ಸೋಡಿಯಂ-ಪೊಟ್ಯಾಸಿಯಂ ಪಂಪ್‌ನಿಂದ’ ಎನ್ನುವವರೇ ಜಾಸ್ತಿ. ಅದು ಅರ್ಧ ಉತ್ತರ. ಪಂಪ್ ಪ್ರತಿ ಸುತ್ತಿಗೂ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಇದರಿಂದ ನೇರವಾಗಿ ಸಿಗುವುದು ಕೆಲವೇ ಮಿಲಿವೋಲ್ಟ್. ಒಳಗೂ ಹೊರಗೂ ಇರುವ ಅಯಾನುಗಳ ವ್ಯತ್ಯಾಸ ಕರಗದಂತೆ ಕಾಯುವುದು ಅದರ ಅಸಲಿ ಕೆಲಸ. ವೋಲ್ಟೇಜ್ ಹುಟ್ಟುವುದು ಸೋರಿಕೆಯಿಂದ.

ಮೊದಲು ಸಾರತೆ ಬರೆದುಕೊಳ್ಳಿ. ಸಸ್ತನಿಯ ನರಕೋಶದಲ್ಲಿ ಪೊಟ್ಯಾಸಿಯಂ ಒಳಗೆ ಸುಮಾರು 140 ಮಿಲಿಮೋಲಾರ್, ಹೊರಗೆ 4. ಸೋಡಿಯಂ ಇದಕ್ಕೆ ಉಲ್ಟಾ: ಒಳಗೆ 12, ಹೊರಗೆ 145.

ಈಗ ಪೊರೆಯಲ್ಲಿ ಪೊಟ್ಯಾಸಿಯಂ ಲೀಕ್ ಚಾನೆಲ್‌ಗಳು ಮಾತ್ರ ಇವೆ ಎಂದುಕೊಳ್ಳಿ. ಸಿಗ್ನಲ್‌ಗೆ ಕಾಯದೆ ತೆರೆದುಕೊಳ್ಳುವ ಸಣ್ಣ ದಾರಿಗಳಿವು. ಒಳಗೆ ದಟ್ಟವಾಗಿರುವ ಪೊಟ್ಯಾಸಿಯಂ ಹೊರಗೆ ಜಾರುತ್ತದೆ. ಅದರ ಜೊತೆಗಿದ್ದ ಋಣ ಚಾರ್ಜ್‌ನ ಪ್ರೋಟೀನ್, ಫಾಸ್ಫೇಟ್‌ಗಳಿಗೆ ಆ ದಾರಿಯಿಲ್ಲ. ಹಾಗಾಗಿ ಪೊರೆಯ ಒಳಮೈ ಋಣವಾಗುತ್ತದೆ, ಹೊರಮೈ ಧನವಾಗುತ್ತದೆ. ಪ್ರತಿ ಅಯಾನು ಹೋದಂತೆಲ್ಲ ಒಳಗಿನ ಋಣ ಇನ್ನಷ್ಟು ಬಲವಾಗಿ ಉಳಿದ ಪೊಟ್ಯಾಸಿಯಂ ಅನ್ನು ಹಿಂದಕ್ಕೆ ಎಳೆಯುತ್ತದೆ. ಹೊರಗೆ ತಳ್ಳುವ ಒತ್ತಡವೂ ಈ ಎಳೆತವೂ ಸಮವಾದಾಗ ಹೋಗುವಷ್ಟೇ ವಾಪಸ್ ಬರುತ್ತವೆ. ಆಗ ಇರುವ ವೋಲ್ಟೇಜೇ ಪೊಟ್ಯಾಸಿಯಂನ ಸಮತೋಲನ ವಿಭವ. ಇದನ್ನು ಕೊಡುವುದು ನರ್ನ್ಸ್ಟ್ ಸಮೀಕರಣ:

E = (RT / zF) × ln([ಹೊರಗೆ] / [ಒಳಗೆ])

ಇಲ್ಲಿ R ಅನಿಲ ಸ್ಥಿರಾಂಕ, F ಫ್ಯಾರಡೆ ಸ್ಥಿರಾಂಕ. T ದೇಹದ ಉಷ್ಣತೆ, 37 ಡಿಗ್ರಿ, ಅಂದರೆ 310 ಕೆಲ್ವಿನ್. ಪೊಟ್ಯಾಸಿಯಂನ ಚಾರ್ಜ್ z = +1. ನೈಸರ್ಗಿಕ ಲಾಗ್ ಬದಲು 10ರ ಲಾಗ್ ಬಳಸಿದರೆ ಮುಂದಿನ ಗುಣಕ 61.5 ಮಿಲಿವೋಲ್ಟ್ ಆಗುತ್ತದೆ.

E_K = 61.5 × log10(4 / 140)
E_K = 61.5 × (−1.544)
E_K = −95 mV

ಇಲ್ಲಿ ಎಡವುವುದು ಸಾಮಾನ್ಯ. ಒಳಗಿನದನ್ನು ಮೇಲೆ ಬರೆದರೆ +95 ಬರುತ್ತದೆ. ಧನ ಅಯಾನು ಹೊರಗೆ ಸೋರಿದ ಮೇಲೆ ಒಳಗೆ ಧನ ಉಳಿಯಲು ಸಾಧ್ಯವಿಲ್ಲ ಅಲ್ವಾ? 61.5ರ ಜೊತೆ ಕ್ಯಾಲ್ಕುಲೇಟರ್‌ನ ln ಒತ್ತಿದರೆ −219 ಬರುತ್ತದೆ. ಅಷ್ಟು ದೊಡ್ಡ ಸಂಖ್ಯೆ ಕಂಡರೆ ಲಾಗ್ ಬಟನ್ ಮೇಲೆ ಅನುಮಾನ ಪಡಿ.

ಅಷ್ಟು ಪೊಟ್ಯಾಸಿಯಂ ಸೋರಿದರೆ ಒಳಗಿನ 140 ಕಡಿಮೆಯಾಗುವುದಿಲ್ಲವೇ? ಇದನ್ನೂ ಲೆಕ್ಕ ಹಾಕಬಹುದು. 20 ಮೈಕ್ರೋಮೀಟರ್ ವ್ಯಾಸದ ಗುಂಡನೆಯ ಕೋಶ ತೆಗೆದುಕೊಳ್ಳಿ. ಪೊರೆಯ ಧಾರಕತೆ ಚದರ ಸೆಂಟಿಮೀಟರ್‌ಗೆ ಸುಮಾರು 1 ಮೈಕ್ರೋಫ್ಯಾರಡ್. ಈ ಕೋಶವನ್ನು ಸೊನ್ನೆಯಿಂದ −95ಕ್ಕೆ ಒಯ್ಯಲು ಸುಮಾರು 75 ಲಕ್ಷ ಅಯಾನು ಹೊರಗೆ ಹೋದರೆ ಸಾಕು. ಒಳಗಿರುವುದೋ ಸುಮಾರು 35,000 ಕೋಟಿ. ಹೆಚ್ಚುಕಡಿಮೆ ಐವತ್ತು ಸಾವಿರದಲ್ಲಿ ಒಂದು ಮಾತ್ರ! ಆದ್ದರಿಂದ ಸಾರತೆ ಬದಲಾಗಲಿಲ್ಲ ಎಂದೇ ಹಿಡಿಯಬಹುದು. ಪಂಪ್‌ಗೆ ಔಷಧಿ ಹಾಕಿ ನಿಲ್ಲಿಸಿದರೂ ವಿಭವ ತಕ್ಷಣ ಬಿದ್ದುಹೋಗದಿರಲು ಇದೇ ಕಾರಣ. ವ್ಯತ್ಯಾಸ ಕರಗುತ್ತಾ ಹೋದಂತೆ ಅದು ನಿಧಾನಕ್ಕೆ ಸೊನ್ನೆಯತ್ತ ಸರಿಯುತ್ತದೆ.

ಆದರೆ ಮೀಟರ್ ಹೇಳಿದ್ದು −70. ಉಳಿದ 25 ಎಲ್ಲಿ ಹೋಯಿತು? ಪೊರೆ ಸೋಡಿಯಂಗೂ ಪೂರ್ತಿ ಮುಚ್ಚಿಲ್ಲ. ಇದೇ ಸಮೀಕರಣದಲ್ಲಿ ಸೋಡಿಯಂ ಹಾಕಿದರೆ +67 ಬರುತ್ತದೆ. ಅಂದರೆ ಒಳಗೆ ಬರುವ ಸೋಡಿಯಂ ಕೋಶವನ್ನು ಅತ್ತ ಎಳೆಯುತ್ತಿರುತ್ತದೆ. ಆ ದಾರಿ ತುಂಬ ಕಿರಿದು. ಪೊಟ್ಯಾಸಿಯಂಗೆ ಪೊರೆ ಬಿಡುವುದು 1 ಎಂದರೆ ಸೋಡಿಯಂಗೆ 0.04 ಎಂದು ಇಟ್ಟುಕೊಳ್ಳಿ. ಕ್ಲೋರೈಡ್ ಪಕ್ಕಕ್ಕಿಟ್ಟು, ಹಲವು ಅಯಾನುಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಗೋಲ್ಡ್‌ಮನ್ ಸಮೀಕರಣಕ್ಕೆ ಹಾಕಿದರೆ:

V = 61.5 × log10[(4 + 0.04 × 145) / (140 + 0.04 × 12)]
V = 61.5 × log10(9.8 / 140.5)
V = −71 mV

ಕೇವಲ ನೂರಕ್ಕೆ ನಾಲ್ಕರಷ್ಟು ಸೋರಿಕೆ 24 ಮಿಲಿವೋಲ್ಟ್ ತಿಂದುಹಾಕಿತು! ಹೊರಗಿನ ಪೊಟ್ಯಾಸಿಯಂ ತೀರಾ ಕಡಿಮೆ ಇರುವುದೇ ಇದಕ್ಕೆ ಕಾರಣ. ಭಿನ್ನರಾಶಿಯ ಮೇಲ್ಭಾಗದಲ್ಲಿ 4ರ ಪಕ್ಕ 0.04 × 145, ಅಂದರೆ 5.8 ಕೂತಿದೆ ನೋಡಿ. −71ರಲ್ಲಿ ಎರಡೂ ಅಯಾನುಗಳು ತಮ್ಮ ಸಮತೋಲನದಲ್ಲಿಲ್ಲ. ಪೊಟ್ಯಾಸಿಯಂ ಹೊರಗೆ, ಸೋಡಿಯಂ ಒಳಗೆ ಸದಾ ಹನಿಯುತ್ತಿರುತ್ತವೆ. ಪಂಪ್ ನಿಲ್ಲದೆ ಕೆಲಸ ಮಾಡಬೇಕಾದದ್ದು ಇದಕ್ಕೇ.

ಇದು ನಿಜವೇ ಎಂದು ಹೊರಗಿನ ಪೊಟ್ಯಾಸಿಯಂ ಅನ್ನು 4ರಿಂದ 8ಕ್ಕೆ ಏರಿಸಿ ನೋಡಬಹುದು. ಪೊರೆ ಪೊಟ್ಯಾಸಿಯಂಗೆ ಮಾತ್ರ ಬಿಟ್ಟಿದ್ದರೆ ವಿಭವ −95ರಿಂದ −76ಕ್ಕೆ, ಸುಮಾರು 19 ಮಿಲಿವೋಲ್ಟ್ ಏರಬೇಕು. ಸೋಡಿಯಂ ಸೋರಿಕೆ ಸೇರಿಸಿದ ಲೆಕ್ಕದಲ್ಲಿ −71ರಿಂದ −62ಕ್ಕೆ, ಬರೀ 9. ನರಕೋಶದ ಸುತ್ತ ಇರುವ ಗ್ಲಿಯಾ ಕೋಶಗಳಲ್ಲಿ ಹೆಚ್ಚುಕಡಿಮೆ ಪೊಟ್ಯಾಸಿಯಂ ದಾರಿಗಳೇ ತುಂಬಿರುವುದರಿಂದ ಅಲ್ಲಿನ ಅಳತೆ ಆ 19ಕ್ಕೆ ಹತ್ತಿರ ಬರುತ್ತದೆ.