ಹಾಲೇಶ್ ಮಾಮನಿಗೆ ಯಾವ ಹಾಲು?

ದಾವಣಗೆರೆಯಲ್ಲಿ ನನ್ನದು ಡಿಟಿಪಿ ಕೆಲಸ. ಮದುವೆ ಕಾರ್ಡಿನ ಜೊತೆಗೆ ಈಗ ಹುಟ್ಟುಹಬ್ಬದ ಪೋಸ್ಟರ್‌ಗಳೂ ಜಾಸ್ತಿ ಬರುತ್ತವೆ. ಸ್ಟೇಟಸ್‌ಗೆ ಹಾಕಲು, ಗ್ರೂಪಿಗೆ ಕಳಿಸಲು. ಫೋಟೋ ಅವರೇ ಕೊಡುತ್ತಾರೆ. "ಅಣ್ಣಾ, ಹೆಸರು ಹಿಡಿದು ಒಂದು ಸಾಲು ಬರಿ" ಎನ್ನುತ್ತಾರೆ. ಪೋಸ್ಟರ್‌ನಲ್ಲಿ ನನಗೆ ಅತಿ ಇಷ್ಟದ ಕೆಲಸ ಆ ಒಂದು ಸಾಲು.

ಸಂತೋಷ್, ಆನಂದ್, ಹರ್ಷ, ಪ್ರಕಾಶ್ ಎಂಬ ಹೆಸರುಗಳ ಮೇಲೆ ನಾನು ಆಟ ಆಡುವುದಿಲ್ಲ. ಅರ್ಥ ಮೇಲೆಯೇ ತೇಲುತ್ತಿರುತ್ತದೆ. "ಸಂತೋಷನ ಹುಟ್ಟುಹಬ್ಬ, ಎಲ್ಲರಿಗೂ ಸಂತೋಷ" ಎಂಬುದನ್ನು ಆ ಹುಡುಗ ಶಾಲೆಗೆ ಸೇರಿದಾಗಿನಿಂದ ಕೇಳಿರುತ್ತಾನೆ. ಅವನಿಗೆ ನಗು ಬರುವುದಿಲ್ಲ, ಸುಮ್ನೆ ಒಂದು ಥ್ಯಾಂಕ್ಸ್ ಬರುತ್ತದೆ. ನಮ್ಮ ಸೀಮೆಯ ಹೆಸರುಗಳು ಬೇರೆ. ಹಾಲೇಶ್, ಕೊಟ್ರೇಶ್, ಕರಿಬಸಪ್ಪ, ತಿಪ್ಪೇಶ್. ಎಲ್ಲ ದೇವರ, ಅಜ್ಜಯ್ಯಗಳ ಹೆಸರು. ಕರೆದು ಕರೆದು ರೂಢಿಯಾಗಿ, ಒಳಗಿರುವ ಪದ ಯಾರ ಕಿವಿಗೂ ಬೀಳುವುದಿಲ್ಲ. ಅದನ್ನು ಮತ್ತೆ ಕೇಳಿಸುವುದೇ ಈ ಆಟದ ಸುಖ.

ಒಬ್ಬ ಹಾಲೇಶ್ ಅವರ ಸಾಲು ಹೇಗೆ ಬಂತು ಎಂದು ಹೇಳುತ್ತೇನೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ. ಐವತ್ತು ತುಂಬುತ್ತಿತ್ತು. ಅಕ್ಕನ ಮಕ್ಕಳು ಬಂದಿದ್ದರು, ಸಾಲನ್ನೂ ಅವರೇ ತಂದಿದ್ದರು: "ಹಾಲೇಶ್ ಮಾಮನ ಐವತ್ತಕ್ಕೆ ಹಾಲು ತುಪ್ಪದ ಶುಭಾಶಯ."

ಹುಡುಗರ ಲೆಕ್ಕ ಸರಳ. ಹೆಸರಿನಲ್ಲಿ ಹಾಲಿದೆ, ಹಾಲಿನ ಜೊತೆ ತುಪ್ಪ ಹಾಕಿದರೆ ಸಮೃದ್ಧಿ. ಆದರೆ ಮನೆಯಲ್ಲಿ ಹಿರಿಯರ ಮುಂದೆ "ಹಾಲು ತುಪ್ಪ" ಎಂದು ಒಟ್ಟಿಗೆ ಹೇಳಿ ನೋಡಿ. ಅವರಿಗೆ ನೆನಪಾಗುವುದು ಸತ್ತ ಮೂರನೇ ದಿನ ಸಮಾಧಿಗೆ ಹಾಲು ತುಪ್ಪ ಬಿಡುವುದು. ಹುಟ್ಟುಹಬ್ಬದ ದಿನ ಆ ಮಾತು ಬಂದರೆ ಅಜ್ಜಿ "ಬಿಡ್ತು ಅನ್ರೋ" ಎನ್ನುತ್ತಾರೆ. ಆಮೇಲೆ ಹುಡುಗರು "ತಮಾಷೆಗೆ ಬರೆದಿದ್ದು" ಎಂದು ಎಷ್ಟು ಹೇಳಿದರೂ ಆಗುವುದಿಲ್ಲ. ಹಾಲು ಒಂದೇ ಇದ್ದಾಗ ಇಲ್ಲದ ಸಾವು, ತುಪ್ಪ ಸೇರಿದ ಕೂಡಲೇ ಬಂತು ನೋಡಿ.

ಅದಕ್ಕೇ ನಾನು ಹೆಸರಿನ ಪದ ಸಿಕ್ಕ ತಕ್ಷಣ ಸಾಲು ಬರೆಯುವುದಿಲ್ಲ. ಆ ಪದ ನಮ್ಮ ಮಾತಿನಲ್ಲಿ ಯಾರ್ಯಾರ ಜೊತೆ ಓಡಾಡುತ್ತದೆ ಎಂದು ಮೊದಲು ಬರೆದುಕೊಳ್ಳುತ್ತೇನೆ. ಹಾಲಿಗೆ ಬಂದವು ಇವು: ಹಾಲಿನಂಥ ಮನಸ್ಸು, ಹಾಲು ಜೇನು, ಹಾಲು ಉಕ್ಕಿಸುವುದು, ಹಾಲು ಕುಡಿದಷ್ಟು ಖುಷಿ. ಜೊತೆಗೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಹಾವಿಗೆ ಹಾಲೆರೆದ ಹಾಗೆ, ಬೆಳ್ಳಗಿರುವುದೆಲ್ಲ ಹಾಲಲ್ಲ.

ಕೊನೆಯ ಮೂರನ್ನು ಬರೆದುಕೊಳ್ಳುವುದು ಬಳಸಲು ಅಲ್ಲ, ತಪ್ಪಿಸಲು. ಅವರು ದಲ್ಲಾಳಿ. ತೂಕ, ಲೆಕ್ಕ, ಬಾಕಿ ಇವೆಲ್ಲ ಅವರ ದಿನದ ಮಾತು. "ಬೆಳ್ಳಗೆ ಹಾಲಿನಂಥ ಮನುಷ್ಯ" ಎಂದು ನಾನು ಹೊಗಳಿದರೆ, ಓದಿದವರಲ್ಲಿ ಒಬ್ಬನಾದರೂ "ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದು ಕೆಳಗೆ ಹಾಕುತ್ತಾನೆ. ಗಾದೆ ಅಷ್ಟು ಹತ್ತಿರದಲ್ಲೇ ಕಾಯುತ್ತಿರುತ್ತದೆ. ಹಾಲು ಬಿಟ್ಟು ಬೆಣ್ಣೆಗೆ ಹೋಗೋಣ, ನಮ್ಮೂರಿನ ಬೆಣ್ಣೆ ದೋಸೆಯೂ ಬರುತ್ತದೆ ಎಂದು ಹುಡುಗರು ಕೇಳಿದರು. ನನಗೂ ಆಸೆಯಾಯಿತು. ಆದರೆ ದುಡ್ಡಿರುವ ಮಾಮನಿಗೆ ಅಳಿಯಂದಿರು ಬೆಣ್ಣೆ ಎಂದರೆ, ಬೆಣ್ಣೆ ಹಚ್ಚಿದ್ದು ಎಂದೇ ಜನ ಓದುತ್ತಾರೆ, ಅಲ್ವಾ?

ಉಳಿದದ್ದರಲ್ಲಿ "ಹಾಲಿನಂಥ ಮನಸ್ಸು" ಸವೆದಿತ್ತು. ಹಾಲು ಉಕ್ಕಿಸುವುದು ಹೊಸ ಮನೆಗೆ ಚೆನ್ನ. ನಾನು ಹಿಡಿದದ್ದು ಹಾಲು ಕುಡಿದಷ್ಟು ಖುಷಿಯನ್ನು. ಸಾಲು ಹೀಗಾಯಿತು:

ಐವತ್ತು ತುಂಬಿತು ಹಾಲೇಶ್ ಮಾಮನಿಗೆ,
ಹಾಲು ಕುಡಿದಷ್ಟು ಖುಷಿ ನಮಗೆ.

ಇದು ಯಾಕೆ ನಿಂತಿತು ಎಂದರೆ, ಹಾಲು ಇಲ್ಲಿ ಮಾಮನ ಗುಣ ಹೇಳುತ್ತಿಲ್ಲ, ಹಾರೈಸುವವರ ಖುಷಿ ಹೇಳುತ್ತಿದೆ. ಅವರು ಅಂಥವರಾ, ಇಂಥವರಾ ಎಂಬ ಪ್ರಶ್ನೆಯೇ ಏಳುವುದಿಲ್ಲ. ನುಡಿಗಟ್ಟೂ ಮುರಿಯದೆ ಹಾಗೇ ಇದೆ. ಹೆಸರು ತೆಗೆದು ಮಹೇಶ್ ಮಾಮ ಎಂದು ಹಾಕಿ ಓದಿದೆ. ಆಗಲೂ ಅದು ಒಳ್ಳೆಯ ಹಾರೈಕೆಯೇ. ನನ್ನ ಮುಖ್ಯ ಪರೀಕ್ಷೆ ಇದು. ಆಟ ಗೊತ್ತಾಗದವರಿಗೂ ಹಾರೈಕೆ ಸಿಗಬೇಕು, ಗೊತ್ತಾದವರಿಗೆ ಒಂದು ನಗು ಹೆಚ್ಚಿಗೆ ಸಿಗಬೇಕು. ಹುಡುಗರು "ಹಾಲು" ಪದಕ್ಕೆ ಕೆಂಪು ಬಣ್ಣ ಹಾಕಿ ಎಂದರು. ನಾನು ಒಪ್ಪಲಿಲ್ಲ. ಓದುವವರು ತಾವೇ ಕಂಡುಕೊಂಡರೆ ನಗುತ್ತಾರೆ. ಬೊಟ್ಟು ಮಾಡಿ ತೋರಿಸಿದರೆ ತಲೆಯಾಡಿಸುತ್ತಾರೆ, ಅಷ್ಟೆ.

ಈ ಹೆಸರಿಗೆ ಇನ್ನೊಂದು ಅಪಾಯ ಟೈಪಿಂಗಿನದು. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಿಂದ halu ಎಂದು ಒತ್ತಿದರೆ ಹಾಲು ಬರಬಹುದು, ಹಾಳು ಬರಬಹುದು. ಕಂಪ್ಯೂಟರಿನ ಬರಹ, ನುಡಿ ಸಾಫ್ಟ್‌ವೇರ್‌ಗಳಲ್ಲಿ l ಒತ್ತಿದರೆ ಲ, ಶಿಫ್ಟ್ ಹಿಡಿದು L ಒತ್ತಿದರೆ ಳ. ಬೆರಳು ಶಿಫ್ಟ್ ಮೇಲೆ ಒಂದು ಕ್ಷಣ ಉಳಿದರೆ ಸಾಕು, ಹುಟ್ಟುಹಬ್ಬ ಹಾಳು. ಕಣ್ಣು ಇದನ್ನು ದಾಟಿಸಿಬಿಡುತ್ತದೆ, ಯಾಕೆಂದರೆ ಬರೆದವರಿಗೆ ಸಾಲು ಬಾಯಿಪಾಠವಾಗಿರುತ್ತದೆ. ಸಾಲು ಗೊತ್ತಿಲ್ಲದ ಒಬ್ಬರ ಕೈಯಲ್ಲಿ ಜೋರಾಗಿ ಓದಿಸಿಯೇ ಕಳಿಸುತ್ತೇನೆ.

ಕೊಟ್ರೇಶ್ ಹೆಸರಿನಲ್ಲಿ ತೊಂದರೆ ಬೇರೆ ಥರ. "ಕೊಟ್ರೆ ಕೊಟ್ರೇಶಣ್ಣನ ಹಾಗೆ ಕೊಡಬೇಕು" ಎಂಬುದು ಆಡುಮಾತಿನಲ್ಲಿ ಮಾತ್ರ ಆಟ. ಬರಹ ತಿದ್ದುವ ಯಾರಾದರೂ ಅದನ್ನು "ಕೊಟ್ಟರೆ" ಎಂದು ಸರಿಪಡಿಸಿದರೆ ಆಟವೇ ಮಾಯ. ಅದಕ್ಕಿಂತ ದೊಡ್ಡದು, ಆ ಸಾಲು ಕೈ ಬಿಚ್ಚಿ ಕೊಡುವವರಿಗೆ ಮಾತ್ರ. ಬಾಕಿ ಉಳಿಸಿಕೊಂಡ ಮನುಷ್ಯನಿಗೆ ಒಬ್ಬರು ಇಂಥದ್ದೇ ಸಾಲು ಹಾಕಿದ್ದರು. ಗ್ರೂಪಿನಲ್ಲಿ ಬಂದ ಮೊದಲ ಉತ್ತರ "ಕೊಟ್ರೆ ತಾನೆ!" ಆಮೇಲೆ ಯಾರೂ ಹಾರೈಸಲಿಲ್ಲ. ಹಾರೈಕೆ ಬಾಕಿ ವಸೂಲಿಯಾಗಿಹೋಗಿತ್ತು. ಕೊಟ್ರೇಶ್ ಎಂದು ಬಂದರೆ ನಾನು ಮೊದಲು ಕೇಳುವುದೇ "ಅಣ್ಣಾರ ಕೈ ಹೆಂಗೆ?" ಎಂದು.

ಸವಿತಾಗೆ ಇದ್ಯಾವ ಕಷ್ಟವೂ ಇಲ್ಲ. "ಸವಿ ತಾ" ಎಂದು ಒಡೆದರೆ ಸಾಕು, ಹಾರೈಕೆ ತಾನಾಗಿಯೇ ಆಗುತ್ತದೆ: "ವರ್ಷವಿಡೀ ಮನೆಗೆ ಸವಿ ತಾ, ಸವಿತಾ." ಒಡೆದರೂ ಹೆಸರಿನ ಒಂದು ಅಕ್ಷರವೂ ಬದಲಾಗುವುದಿಲ್ಲ. ಆದರೆ ಏಕವಚನ. ತಂಗಿಗೆ, ಗೆಳತಿಗೆ ಸರಿ. ಅತ್ತಿಗೆಗೆ ಬೇಡ.

ತಿಪ್ಪೇಶ್, ತಿಪ್ಪೇಸ್ವಾಮಿ ಎಂದರೆ ನಾನು ಹೆಸರು ಮುಟ್ಟುವುದೇ ಇಲ್ಲ. ಚಿತ್ರದುರ್ಗದ ಕಡೆ ಮನೆಮನೆಗೂ ಈ ಹೆಸರಿದೆ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಇಟ್ಟದ್ದು. ಹೊರಗಿನವರಿಗೆ ಅದರಲ್ಲಿ ತಿಪ್ಪೆ ಮೊದಲು ಕಾಣುತ್ತದೆ. "ತಿಪ್ಪೆಯಲ್ಲಿ ಸಿಕ್ಕ ಮಾಣಿಕ್ಯ" ಎಂದು ಹೊಗಳಿಯೇ ಬರೆದರೂ ತಿಪ್ಪೆ ತಿಪ್ಪೆಯೇ. ಆ ಮನೆಯವರು ಹರಕೆ ಹೊತ್ತು ಇಟ್ಟ ಹೆಸರನ್ನು ಒಡೆಯುವ ಹಕ್ಕು ನನಗಿಲ್ಲ. ಅಂಥವರು ಬಂದಾಗ ಅವರು ಮಾಡುವ ಕೆಲಸ ಕೇಳುತ್ತೇನೆ. ಬಸ್ ಓಡಿಸುತ್ತಾರಾ, ಈರುಳ್ಳಿ ಬೆಳೆಯುತ್ತಾರಾ. ಸಾಲು ಅಲ್ಲಿಂದ ತೆಗೆಯುತ್ತೇನೆ, ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಗೇ ಇಡುತ್ತೇನೆ.