ಶೀರ್ಷಿಕೆ ಪ್ರಶ್ನೆಗೆ ನಾನು ಕಂಡುಕೊಂಡ ದಾರಿ

ಎಫ್‌ಡಿಎ ನೇಮಕಾತಿ ಪರೀಕ್ಷೆಯ ಕನ್ನಡ ಪತ್ರಿಕೆಯಲ್ಲಿ ನನ್ನನ್ನು ಕಾಡಿದ್ದು ಸಂಧಿಯೂ ಅಲ್ಲ, ಸಮಾಸವೂ ಅಲ್ಲ. 'ಈ ಗದ್ಯಭಾಗಕ್ಕೆ ಸೂಕ್ತ ಶೀರ್ಷಿಕೆ ಯಾವುದು?' ಅನ್ನೋ ಒಂದು ಸಾಲು. ನಾಲ್ಕು ಆಯ್ಕೆಯಲ್ಲಿ ಎರಡನ್ನು ಯಾರು ಬೇಕಾದರೂ ಹೊಡೆದುಹಾಕಬಹುದು. ಉಳಿದ ಎರಡರಲ್ಲಿ ನಾನು ಪ್ರತಿ ಸಲವೂ ತಪ್ಪಾದದ್ದಕ್ಕೇ ಕೈ ಹಾಕುತ್ತಿದ್ದೆ. ತಪ್ಪಿದರೆ ಆ ಅಂಕವೂ ಹೋಗಿ, ಮೇಲೆ ಕಾಲು ಅಂಕ ಕಡಿತ.

ಮೊದಲ ಸಲ ಬರೆದಾಗ ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗಿಗೆ ಸೇರಿದ್ದೆ. ಫೀಸು ಹದಿನೆಂಟು ಸಾವಿರದ ಹತ್ತಿರ, ಪಿಜಿಗೆ ತಿಂಗಳಿಗೆ ಐದೂವರೆ ಸಾವಿರ. ಅಪ್ಪ ಅಡಿಕೆ ಮಾರಿದ ದುಡ್ಡು. ಅಲ್ಲಿ ಹೇಳಿಕೊಟ್ಟಿದ್ದು ಇಷ್ಟೇ: 'ಎಲ್ಲವನ್ನೂ ಒಳಗೊಳ್ಳುವ ದೊಡ್ಡ ಶೀರ್ಷಿಕೆ ಹಾಕಿ.' ಹಾಗೇ ಹಾಕಿದೆ, ಕೀ ಉತ್ತರ ಬಂದಾಗ ನೋಡಿದರೆ ಬಹುಪಾಲು ತಪ್ಪು. ಎರಡನೇ ಸಲ ಹಟಕ್ಕೆ ಬಿದ್ದು ಉಲ್ಟಾ ಹೋದೆ. ಯಾವ ಪದ ಹೆಚ್ಚು ಸಲ ಬಂದಿದೆಯೋ ಅದಿರುವ ಶೀರ್ಷಿಕೆ, ಅದೂ ಸಿಗದಿದ್ದರೆ ಕೊನೆಯ ವಾಕ್ಯಕ್ಕೆ ಹೊಂದುವ ಶೀರ್ಷಿಕೆ. ಆ ಸಲ ಒಂದೂಕಾಲು ಅಂಕದಲ್ಲಿ ಪಟ್ಟಿಯಿಂದ ಹೊರಗೆ ಬಿದ್ದೆ.

ಆಮೇಲೆ ಊರಿಗೆ ಬಂದು ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತೆ. ಅರವತ್ತು ಗದ್ಯಭಾಗ ಮಾಡಿರಬಹುದು, ಅದರಲ್ಲಿ ಇಪ್ಪತ್ತೆರಡೋ ಇಪ್ಪತ್ತಮೂರೋ ತಪ್ಪು. ಆರಿಸಿದ ಶೀರ್ಷಿಕೆ ಗದ್ಯಕ್ಕಿಂತ ದೊಡ್ಡದಾಗಿದ್ದರೆ 'ಅಗಲ', ಗದ್ಯದ ಒಂದು ಭಾಗಕ್ಕಷ್ಟೇ ಸಾಲುವಂತಿದ್ದರೆ 'ಕಿರಿದು' ಎಂದು ತಪ್ಪುಗಳನ್ನು ಎರಡು ಗುಂಪು ಮಾಡಿದಾಗ ಹದಿನೈದರಷ್ಟು ಅಗಲದ ಕಡೆಗೇ ಬಿದ್ದವು. ಕಿರಿದನ್ನು ಹಿಡಿಯಲು ಒಂದು ಪರೀಕ್ಷೆ, ಅಗಲವನ್ನು ಹಿಡಿಯಲು ಬೇರೆಯದೇ ಪರೀಕ್ಷೆ ಬೇಕು ಅನ್ನೋದು ಆಗಲೇ ಹೊಳೆದದ್ದು. ನಾನು ಅಲ್ಲಿಯವರೆಗೆ ಎರಡಕ್ಕೂ ಒಂದೇ ಅಳತೆಗೋಲು ಹಿಡಿದಿದ್ದೆ.

ಅಭ್ಯಾಸಕ್ಕೆಂದು ನಾನೇ ಬರೆದುಕೊಂಡಿದ್ದ ಒಂದು ಗದ್ಯಭಾಗ ಇಲ್ಲಿದೆ, ವಾಕ್ಯಗಳಿಗೆ ಸಂಖ್ಯೆ ಹಾಕಿದ್ದೇನೆ:

(1) ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ಮೊದಲು ಉಗಿಯ ಬಲದಿಂದ ಓಡುತ್ತಿದ್ದವು. (2) ಅದಕ್ಕೆ ಬೇಕಾದ ಉರುವಲನ್ನು ದೂರದಿಂದ ತರಿಸುವುದು ದುಬಾರಿಯಾಗಿತ್ತು. (3) ಆಗ ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ಉತ್ಪಾದಿಸಲು ಮುಂದಾಯಿತು. (4) 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ವಿದ್ಯುತ್ ಹರಿಯಿತು. (5) ಅಷ್ಟು ದೂರಕ್ಕೆ ತಂತಿಯಲ್ಲಿ ವಿದ್ಯುತ್ ಸಾಗಿಸುವುದು ಆ ಕಾಲಕ್ಕೆ ಅಪರೂಪದ ಸಾಹಸ. (6) 1905ರಲ್ಲಿ ಬೆಂಗಳೂರಿನ ಬೀದಿದೀಪಗಳೂ ಇದೇ ವಿದ್ಯುತ್ತಿನಿಂದ ಬೆಳಗಿದವು.

ಆಯ್ಕೆಗಳು: (ಎ) ಕರ್ನಾಟಕದಲ್ಲಿ ವಿದ್ಯುತ್ತಿನ ಇತಿಹಾಸ, (ಬಿ) ಬೆಂಗಳೂರಿನ ಮೊದಲ ಬೀದಿದೀಪಗಳು, (ಸಿ) ಕೋಲಾರದ ಚಿನ್ನದ ಗಣಿಗಳು, (ಡಿ) ಗಣಿಗಳಿಗಾಗಿ ಹುಟ್ಟಿದ ಶಿವನಸಮುದ್ರದ ವಿದ್ಯುತ್.

ಮೊದಲು ಕಿರಿದರ ಪರೀಕ್ಷೆ. ಆಯ್ಕೆಯನ್ನು ಕಂಬಳಿ ಅಂದುಕೊಂಡು ವಾಕ್ಯಗಳ ಮೇಲೆ ಹೊದಿಸುತ್ತೇನೆ, ಎಷ್ಟು ವಾಕ್ಯ ಹೊರಗೆ ಉಳಿಯುತ್ತವೆ ನೋಡುತ್ತೇನೆ. (ಬಿ) ಹೊದಿಸಿದರೆ ಆರನೆಯದು ಮಾತ್ರ ಒಳಗೆ, ಐದು ವಾಕ್ಯ ಚಳಿಯಲ್ಲಿ. ಎರಡನೇ ಸಲದ ಪರೀಕ್ಷೆಯಲ್ಲಾಗಿದ್ದರೆ ಕೊನೆಯ ವಾಕ್ಯ ನೋಡಿ ಇದನ್ನೇ ಬಬಲ್ ಮಾಡಿ ಬರುತ್ತಿದ್ದೆ.

(ಎ) ಈ ಪರೀಕ್ಷೆಯಲ್ಲಿ ಆರಕ್ಕಾರೂ ಮುಚ್ಚಿ ಸಲೀಸಾಗಿ ಪಾಸಾಗುತ್ತದೆ. ನಾನು ಮೊದಲ ಸಲ ಬಿದ್ದ ಹೊಂಡ ಇದೇ. ಇದಕ್ಕೆ ತಿರುಗುಮುರುಗು ಪರೀಕ್ಷೆ ಬೇಕು: ಗದ್ಯಭಾಗವನ್ನು ಕೈಯಿಂದ ಮುಚ್ಚಿ, ಬರೀ ಶೀರ್ಷಿಕೆ ಓದಿದವನು ಒಳಗೆ ಏನೇನು ಹುಡುಕುತ್ತಾನೆ ಎಂದು ಕೇಳಿಕೊಳ್ಳಬೇಕು. 'ಕರ್ನಾಟಕದಲ್ಲಿ ವಿದ್ಯುತ್ತಿನ ಇತಿಹಾಸ' ಅಂದರೆ ಜೋಗದ ಮಾತು ಬರಬೇಕು, ಶರಾವತಿ ಬರಬೇಕು, ರಾಯಚೂರಿನ ಉಷ್ಣಸ್ಥಾವರ, ಹಳ್ಳಿಗಳಿಗೆ ಕರೆಂಟು ಬಂದ ಕಥೆ ಬರಬೇಕು. ಗದ್ಯದಲ್ಲಿ ಅವು ಯಾವುದೂ ಇಲ್ಲ. ಹುಡುಕಿದವನಿಗೆ ಮೂರು ದೊಡ್ಡ ವಿಷಯ ಸಿಗದಿದ್ದರೆ ಆ ಶೀರ್ಷಿಕೆ ಅಗಲ ಎಂದೇ ನನ್ನ ಲೆಕ್ಕ. (ಸಿ) ಎರಡೂ ಕಡೆ ಸೋಲುತ್ತದೆ: ಮೂರು, ಆರು ಹೊರಗೆ ಉಳಿಯುತ್ತವೆ, ಇತ್ತ ಚಿನ್ನ ತೆಗೆಯುವ ಬಗೆಯಾಗಲಿ ಕಾರ್ಮಿಕರ ಬದುಕಾಗಲಿ ಒಳಗಿಲ್ಲ.

ಈಗ (ಡಿ). ಆರನೇ ವಾಕ್ಯ ಗಣಿಯದಲ್ಲವಲ್ಲ, ಅದು ಹೊರಗುಳಿಯಿತಲ್ಲ ಎಂದು ಕೆಲವರು ಇಲ್ಲಿ ಹೆದರುತ್ತಾರೆ. ಅದಕ್ಕೆ ನಾನು ವಾಕ್ಯ ಕಿತ್ತು ನೋಡುತ್ತೇನೆ. ಆರನೆಯದನ್ನು ಕಿತ್ತರೆ ಗದ್ಯಕ್ಕೆ ಏನೂ ಆಗುವುದಿಲ್ಲ. ಮೂರನೆಯದನ್ನು ಕಿತ್ತರೆ ನಾಲ್ಕರ 'ಅಲ್ಲಿಂದ', ಆರರ 'ಇದೇ ವಿದ್ಯುತ್' ಎಲ್ಲವೂ ತೇಲಾಡುತ್ತವೆ. ಮೂರನೆಯದು ಕಂಬ, ಆರನೆಯದು ಆ ಕಂಬಕ್ಕೆ ಆತುಕೊಂಡ ಚಪ್ಪರದ ತುದಿ. ಕಂಬ ಒಳಗಿದ್ದು ತುದಿ ಸ್ವಲ್ಪ ಹೊರಗಿದ್ದರೆ ಪರವಾಗಿಲ್ಲ. ಉದಾಹರಣೆಯ ವಾಕ್ಯಗಳನ್ನೂ ಹೀಗೇ ನೋಡಬೇಕು. 'ಉದಾಹರಣೆಗೆ' ಎಂದು ಶುರುವಾಗುವ ಮೂರು ವಾಕ್ಯ ಇದ್ದರೂ ಅವು ಹಿಂದಿನ ವಾಕ್ಯದ ಮಕ್ಕಳು, ಅವಕ್ಕೆ ಬೇರೆ ಓಟಿಲ್ಲ.

ನಿಜವಾದ ಕಷ್ಟ ಬರುವುದು ಸರಿಯಾದ ಅಳತೆಯದು ಆಯ್ಕೆಯಲ್ಲೇ ಇಲ್ಲದಾಗ. ಮೇಲಿನದರಲ್ಲಿ (ಡಿ) ತೆಗೆದು 'ಶಿವನಸಮುದ್ರದ ಜಲವಿದ್ಯುತ್' ಮತ್ತು 'ಗಣಿಗೆ 147 ಕಿಲೋಮೀಟರ್ ತಂತಿ' ಇಟ್ಟರು ಅಂದುಕೊಳ್ಳಿ. ಒಂದು ತುಸು ಅಗಲ, ಇನ್ನೊಂದು ಕಿರಿದು. ತಂತಿಯ ಶೀರ್ಷಿಕೆಗೆ ನಾಲ್ಕು, ಐದು ಮಾತ್ರ ಸಿಗುತ್ತವೆ, ಕಂಬವೇ ಹೊರಗೆ. ಜಲವಿದ್ಯುತ್ ಶೀರ್ಷಿಕೆಯಲ್ಲಿ ಕಂಬ ಒಳಗಿದೆ, ಓದುಗ ಹುಡುಕಿ ಸಿಗದಿರುವುದು ವಿದ್ಯುದಾಗಾರ ಕಟ್ಟಿದ ಬಗೆ, ಅಷ್ಟೇ. ಹಾಗಾಗಿ ಅದೇ ಉತ್ತರ. ಎರಡೂ ಕುಂಟುತ್ತಿದ್ದರೆ ಕಂಬ ಯಾವುದರೊಳಗಿದೆಯೋ ಅದು, ಎರಡರೊಳಗೂ ಇದ್ದರೆ ಹುಡುಕಿ ಸಿಗದ ವಿಷಯ ಯಾವುದಕ್ಕೆ ಕಡಿಮೆಯೋ ಅದು. ಇದನ್ನು ಬೇರೆಲ್ಲೂ ಓದಿದ್ದಲ್ಲ, ನಾನೇ ಕಂಡುಕೊಂಡಿದ್ದು.

ನಡುವೆ ಒಂದು ಪ್ರಯೋಗವೂ ಮಾಡಿದೆ. ದಿನಪತ್ರಿಕೆಯ ಸಂಪಾದಕೀಯದ ಶೀರ್ಷಿಕೆ ಕತ್ತರಿಸಿ, ಅದನ್ನಷ್ಟೇ ತಂಗಿಗೆ ಕೊಟ್ಟು 'ಇದರಲ್ಲಿ ಏನಿರಬಹುದು ಹೇಳು' ಅನ್ನುತ್ತಿದ್ದೆ. ಅವಳು ಹೇಳಿದ್ದನ್ನು ಬರೆದುಕೊಂಡು ಲೇಖನದ ಪಕ್ಕ ಇಟ್ಟು ನೋಡುವುದು. ಸುಮಾರು ಒಂದು ತಿಂಗಳು ನಡೆಯಿತು. 'ಅಣ್ಣಾ, ಇದು ಶೀರ್ಷಿಕೆ ಅಲ್ಲ, ಬರೀ ಇಲಾಖೆ ಹೆಸರು' ಎಂದು ಅವಳು ಒಂದು ದಿನ ಅಂದಳು. ಅಗಲವಾದ ಶೀರ್ಷಿಕೆಯ ಗುರುತು ಅದೇ. ಅದು ಇಲಾಖೆಯ ಹೆಸರು ಹೇಳುತ್ತದೆ, ಆ ಇಲಾಖೆಯಲ್ಲಿ ಏನಾಯಿತು ಅನ್ನುವುದಿಲ್ಲ. ಶೀರ್ಷಿಕೆಯ ಬದಲು ಗದ್ಯದ 'ಕೇಂದ್ರ ಭಾವ' ಯಾವುದು ಎಂದು ಕೇಳಿದಾಗ ಈ ಗುರುತು ಇನ್ನೂ ಸಲೀಸು, ಏಕೆಂದರೆ ಅಲ್ಲಿ ಯಾರು, ಏನು ಮಾಡಿದರು, ಯಾಕೆ ಎಂಬ ಮೂರೂ ಇರುವ ವಾಕ್ಯವೇ ಬೇಕು.

ರೂಮಿನ ಗೆಳೆಯ ಇದನ್ನೆಲ್ಲ ನೋಡಿ, 'ಏನ್ ಗುರೂ, ಒಂದು ಪ್ರಶ್ನೆಗೆ ಇಷ್ಟು ಲೆಕ್ಕನಾ? ಹಾಲ್‌ನಲ್ಲಿ ಟೈಮ್ ಎಲ್ಲಿದೆ?' ಅಂದಿದ್ದ. ಮೊದಮೊದಲು ನನಗೂ ಒಂದೊಂದಕ್ಕೆ ನಾಲ್ಕು ನಿಮಿಷ ಹಿಡಿಯುತ್ತಿತ್ತು. ನೂರರ ಹತ್ತಿರ ಗದ್ಯಭಾಗ ಮುಗಿಯುವ ಹೊತ್ತಿಗೆ ಒಂದು ನಿಮಿಷದೊಳಗೆ ಬಂತು. ಮೂರನೇ ಸಲ ಶೀರ್ಷಿಕೆ, ಕೇಂದ್ರ ಭಾವದ ಪ್ರಶ್ನೆಗಳು ಒಂದೂ ತಪ್ಪಲಿಲ್ಲ, ಆಯ್ಕೆ ಪಟ್ಟಿಯಲ್ಲಿ ಹೆಸರೂ ಬಂತು. ಈಗ ಅದೇ ಗೆಳೆಯ ನನ್ನ ನೋಟ್‌ಬುಕ್ ಇಸಿದುಕೊಂಡು ಹೋಗಿದ್ದಾನೆ.

ಈ ದಾರಿ ಕೈಕೊಡುವ ಜಾಗವೂ ಇದೆ. ಕಥೆಯ ತುಣುಕು ಕೊಟ್ಟರೆ ವಾಕ್ಯ ಎಣಿಸಿ ಪ್ರಯೋಜನವಿಲ್ಲ, ಅಲ್ಲಿ ಕಂಬ ಯಾವ ವಾಕ್ಯದಲ್ಲೂ ಕಾಣದೆ ಮಾತಿನ ಹಿಂದೆ ನಿಂತಿರುತ್ತದೆ. ಗದ್ಯದ ನಡುವೆ 'ಆದರೆ' ಬಂದು ವಾದ ತಿರುಗಿದರೆ ಆ ಪದದ ನಂತರದ್ದನ್ನು ಮಾತ್ರ ಹೊದಿಸಿ ನೋಡಿ, ಮುಂಚಿನದು ಬಹುತೇಕ ಎದುರಾಳಿಯ ಮಾತು. ಆಯ್ಕೆಗಳ ಪದಜೋಡಣೆ ನೋಡಿಯೇ ಅಗಲವಾದುದನ್ನು ಹಿಡಿಯುವ ಇನ್ನೊಂದು ಉಪಾಯ ನನ್ನಲ್ಲಿದೆ. ಅದನ್ನು ಈಗ ಬರೆಯುವುದಿಲ್ಲ, ಈ ವರ್ಷ ತಂಗಿ ಪರೀಕ್ಷೆ ಬರೆಯುತ್ತಿದ್ದಾಳೆ.