ಡಿಕ್ಕಿ ಎಲ್ಲಿಯವರೆಗೆ, ಕೂಗು ಎಲ್ಲಿಯವರೆಗೆ? ನೆಟ್‌ವರ್ಕ್ ಎಣಿಸುವುದು ಹೀಗೆ

ಕೊಡಗಿನಲ್ಲಿ ತೋಟದ ಮನೆಗಳಿಗೆ, ಹೋಂಸ್ಟೇಗಳಿಗೆ ನೆಟ್ ರಿಪೇರಿಗೆ ಅಂತ ಓಡಾಡುವ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಜನ ಡಬ್ಬಿ ತರುತ್ತಾರೆ, ಕೇಬಲ್ ಸಿಕ್ಕಿಸುತ್ತಾರೆ, ದೀಪ ಮಿನುಗಿದರೆ ಕೆಲಸ ಮುಗೀತು ಅಂದುಕೊಳ್ಳುತ್ತಾರೆ. ಆ ಡಬ್ಬಿ ಏನನ್ನು ಬೇರೆ ಮಾಡಿತು, ಏನನ್ನು ಬೇರೆ ಮಾಡಲಿಲ್ಲ ಅಂತ ಯಾರೂ ನೋಡುವುದಿಲ್ಲ. ಕಂಪ್ಯೂಟರ್ ಓದುವ ಹುಡುಗರೂ ಇಲ್ಲೇ ಎಡವುತ್ತಾರೆ. ಕೊಲಿಷನ್ ಡೊಮೈನ್ ಎಷ್ಟು, ಬ್ರಾಡ್‌ಕಾಸ್ಟ್ ಡೊಮೈನ್ ಎಷ್ಟು ಅಂದರೆ ಪೋರ್ಟ್ ಎಣಿಸಿ ಯಾವುದೋ ಒಂದು ಸಂಖ್ಯೆ ಹೇಳಿಬಿಡುತ್ತಾರೆ.

ಸೋಮವಾರಪೇಟೆ ಕಡೆಯ ಒಂದು ತೋಟದ ಕತೆ ಇಟ್ಟುಕೊಂಡು ಹೇಳುತ್ತೇನೆ. ಏಪ್ರಿಲ್ ಗುಡುಗಿಗೆ ಅಲ್ಲಿನ ಪಲ್ಪರ್ ಶೆಡ್ಡಿನ ಸ್ವಿಚ್ ಸುಟ್ಟುಹೋಗಿತ್ತು. ಬೀರುವಿನಲ್ಲಿದ್ದ ಒಂದು ಹಳೇ ಹಬ್ ಅನ್ನು ತೋಟದ ಲೆಕ್ಕ ಬರೆಯುವ ರೈಟರ್ ತಂದು ಆ ಜಾಗಕ್ಕೆ ಹಾಕಿದ್ದರು. ಹೋಂಸ್ಟೇ ಕಡೆ ವೈಫೈ ಸಾಲದು ಅಂತ ಇನ್ನೊಂದು ರೂಟರ್ ಬೇರೆ ಬಂದಿತ್ತು. ಜೂನ್ ಹೊತ್ತಿಗೆ ಮಳೆ ನೋಡಲು ಬಂದ ಅತಿಥಿಗಳಲ್ಲಿ ಅರ್ಧ ಜನಕ್ಕೆ ನೆಟ್ ಇತ್ತು, ಇನ್ನರ್ಧಕ್ಕೆ ಇರಲಿಲ್ಲ. ಶೆಡ್ಡಿನ ಕ್ಯಾಮೆರಾಗಳು ತಡೆದು ತಡೆದು ಓಡುತ್ತಿದ್ದವು. 'ಅಣ್ಣಾ, ಸಿಗ್ನಲ್ ಫುಲ್ ತೋರಿಸ್ತದೆ, ಏನೂ ಓಪನ್ ಆಗಲ್ಲ' ಅಂತ ರೈಟರ್ ಫೋನ್ ಮಾಡಿದರು.

ಹಂತ 1: ಚಿತ್ರ ಬರೆಯಿರಿ. ಕಾಗದ, ಪೆನ್ಸಿಲ್ ಸಾಕು. ಕೇಬಲ್ ಇಲ್ಲದ ಖಾಲಿ ಪೋರ್ಟ್ ಬರೆಯಬೇಡಿ.

ನಮ್ಮ ಚಿತ್ರ ಹೀಗಿತ್ತು. ಆಫೀಸಿನಲ್ಲಿ ಫೈಬರ್ ರೂಟರ್. ಅದರಿಂದ ಒಂದು ಕೇಬಲ್ 8 ಪೋರ್ಟಿನ ಸ್ವಿಚ್ಚಿಗೆ. ಸ್ವಿಚ್ಚಿನಿಂದ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಶೆಡ್ಡಿನ ಹಬ್ಬಿಗೆ ಒಂದು ಕೇಬಲ್, ಹೋಂಸ್ಟೇಯ ಎರಡನೇ ರೂಟರಿಗೆ ಒಂದು ಕೇಬಲ್. ಹಬ್ಬಿನಲ್ಲಿ ತೂಕದ ಕಂಪ್ಯೂಟರ್ ಮತ್ತು ಎರಡು ಕ್ಯಾಮೆರಾ. ಎರಡನೇ ರೂಟರಿನಲ್ಲಿ ರಿಸೆಪ್ಷನ್ ಕಂಪ್ಯೂಟರ್, ಜೊತೆಗೆ ವೈಫೈ.

ಹಂತ 2: ಡಿಕ್ಕಿಯ ಲೆಕ್ಕ. ತೋಟದೊಳಗೆ ಒಂದೇ ಜೀಪ್ ಹಿಡಿಸುವ ದಾರಿ ಇರುತ್ತದಲ್ವಾ? ಎದುರಿನಿಂದ ಇನ್ನೊಂದು ಜೀಪ್ ಬಂದರೆ ಯಾರಾದರೂ ಹಿಂದೆ ಹೋಗಲೇಬೇಕು. ಅಂಥ ದಾರಿಯನ್ನು ಯಾರ‍್ಯಾರು ಹಂಚಿಕೊಂಡಿದ್ದಾರೋ ಅವರೆಲ್ಲ ಒಂದೇ ಕೊಲಿಷನ್ ಡೊಮೈನ್. ಇಬ್ಬರು ಒಟ್ಟಿಗೆ ಫ್ರೇಮ್, ಅಂದರೆ ಡೇಟಾದ ಒಂದು ಕಟ್ಟು, ಕಳಿಸಿದರೆ ಎರಡೂ ಹಾಳು. ಇಬ್ಬರೂ ನಿಲ್ಲಿಸಿ, ಮನಸ್ಸಿಗೆ ಬಂದಷ್ಟು ಹೊತ್ತು ಕಾದು, ಮತ್ತೆ ಕಳಿಸಬೇಕು. 16 ಸಲ ಹಾಗೇ ಆದರೆ ಕಾರ್ಡ್ ಆ ಫ್ರೇಮನ್ನು ಕೈಬಿಡುತ್ತದೆ.

ಹಬ್ ಏನನ್ನೂ ಬೇರೆ ಮಾಡುವುದಿಲ್ಲ. ಒಂದು ಪೋರ್ಟಿನಲ್ಲಿ ಬಂದ ಸಿಗ್ನಲ್ಲನ್ನು ಉಳಿದೆಲ್ಲ ಪೋರ್ಟಿಗೂ ಹಾಗೇ ಒದರುತ್ತದೆ, ಅಷ್ಟೇ. ಆದ್ದರಿಂದ ಹಬ್ಬಿಗೆ ಬಂದು ಸೇರಿದ ಕೇಬಲ್ಲೆಲ್ಲ ಸೇರಿ ಒಂದೇ ಕೊಲಿಷನ್ ಡೊಮೈನ್. ತುಂಬಾ ಜನ ತಪ್ಪುವುದು ಇಲ್ಲಿ: ಹಬ್ಬಿನಿಂದ ಸ್ವಿಚ್ಚಿಗೆ ಹೋಗುವ ಕೇಬಲ್ಲೂ ಅದರೊಳಗೇ ಬರುತ್ತದೆ. ಅದನ್ನು ಬೇರೆಯಾಗಿ ಎಣಿಸಬಾರದು.

ಬ್ರಿಡ್ಜ್ ಅಂದರೆ ಎರಡು ಬಾಗಿಲ ಡಬ್ಬಿ. ಯಾವ ಕಡೆ ಯಾವ ಮ್ಯಾಕ್ ವಿಳಾಸ, ಅಂದರೆ ಯಂತ್ರದ ನೆಟ್ ಕಾರ್ಡಿನ ನಂಬರ್, ಇದೆ ಅಂತ ಬಂದ ಫ್ರೇಮ್ ನೋಡಿ ಕಲಿತುಕೊಳ್ಳುತ್ತದೆ, ಬೇಕಾದ್ದನ್ನಷ್ಟೇ ಆಚೆ ದಾಟಿಸುತ್ತದೆ. ಈ ಬಾಗಿಲಿನ ಡಿಕ್ಕಿ ಆ ಬಾಗಿಲಿಗೆ ಹೋಗಲ್ಲ. ಬಾಗಿಲು ಜಾಸ್ತಿ ಇರುವ ಬ್ರಿಡ್ಜೇ ಸ್ವಿಚ್. ಅದರ ಒಂದೊಂದು ಪೋರ್ಟೂ ಒಂದೊಂದು ಕೊಲಿಷನ್ ಡೊಮೈನ್. ರೂಟರಿನ ಪೋರ್ಟೂ ಹಾಗೆಯೇ.

ಈಗ ಎಣಿಸಿ, ಆದರೆ ಪೋರ್ಟ್ ಎಣಿಸಬೇಡಿ. ಕೇಬಲ್ ಎಣಿಸಿ. ಪೋರ್ಟ್ ಎಣಿಸಿದರೆ ಎರಡು ಸ್ವಿಚ್ ನಡುವಿನ ಒಂದೇ ಕೇಬಲ್ ಎರಡಾಗಿಬಿಡುತ್ತದೆ. ರೂಟರಿನಿಂದ ಸ್ವಿಚ್ಚಿಗೆ 1, ಎರಡು ಕಂಪ್ಯೂಟರಿಗೆ 2, ಪ್ರಿಂಟರಿಗೆ 1, ಹಬ್ಬಿನ ನಾಲ್ಕು ಕೇಬಲ್ಲೂ ಸೇರಿ 1, ಎರಡನೇ ರೂಟರಿಗೆ 1, ಅಲ್ಲಿಂದ ರಿಸೆಪ್ಷನ್ನಿಗೆ 1. ಒಟ್ಟು 7. ಫೈಬರ್ ಆಚೆಯದ್ದು ನಮ್ಮ ಲೆಕ್ಕಕ್ಕಿಲ್ಲ. ವೈಫೈಯನ್ನು ಪಕ್ಕದಲ್ಲಿ ಬೇರೆಯಾಗಿ ಬರೆದಿಡಿ. ಅದರಲ್ಲಿ ಒಂದೇ ಚಾನೆಲ್ಲಿನವರೆಲ್ಲ ಸರದಿ ಕಾಯಬೇಕು, ಕೇಬಲ್ಲಿನ ಹಾಗೆ ಬೇರೆ ಬೇರೆ ದಾರಿ ಇಲ್ಲ.

ಇನ್ನೊಂದು ಮಾತು. ಈಗಿನ ಸ್ವಿಚ್ ಪೋರ್ಟುಗಳು ಫುಲ್ ಡ್ಯೂಪ್ಲೆಕ್ಸ್, ಹೋಗಲು ಬರಲು ಬೇರೆ ಬೇರೆ ದಾರಿ. ಅಲ್ಲಿ ಡಿಕ್ಕಿಯೇ ಆಗುವುದಿಲ್ಲ. ಹಾಗಂತ ಪರೀಕ್ಷೆಯಲ್ಲಿ ಸೊನ್ನೆ ಅಂತ ಬರೆಯಬೇಡಿ, ಪೋರ್ಟಿಗೊಂದು ಅಂತ ಎಣಿಸುವುದೇ ರೂಢಿ. ನಿಜವಾಗಿ ಡಿಕ್ಕಿ ಆಗುವುದು ಹಬ್ಬಿರುವ ಕಡೆ ಮಾತ್ರ. ಆ ಶೆಡ್ಡಿಗೆ ಹೋದಾಗ ಹಬ್ಬಿನ ಮೇಲೆ COL ಅಂತ ಬರೆದ ಕಿತ್ತಳೆ ದೀಪ ಆರದೇ ಉರಿಯುತ್ತಿತ್ತು. ಲಿನಕ್ಸ್ ಇದ್ದ ನನ್ನ ಲ್ಯಾಪ್‌ಟಾಪ್ ಅದಕ್ಕೆ ಸಿಕ್ಕಿಸಿ ನೋಡಿದೆ:

```
ethtool eth0
    Speed: 10Mb/s
    Duplex: Half
```

10 ಎಂಬಿಪಿಎಸ್, ಅದೂ ಎರಡು ಕ್ಯಾಮೆರಾ, ತೂಕದ ಕಂಪ್ಯೂಟರ್, ಸ್ವಿಚ್ ಎಲ್ಲ ಸೇರಿ ಹಂಚಿಕೊಂಡದ್ದು. ಕ್ಯಾಮೆರಾ ತಡೆಯದೆ ಇನ್ನೇನು ಮಾಡೀತು?

ಹಬ್ ಕಿತ್ತು 5 ಪೋರ್ಟಿನ ಸ್ವಿಚ್ ಹಾಕಿದೆ. ಒಂದಾಗಿದ್ದ ನಾಲ್ಕು ಕೇಬಲ್ ನಾಲ್ಕಾಯಿತು, ಕೊಲಿಷನ್ ಡೊಮೈನ್ 7ರಿಂದ 10ಕ್ಕೆ ಏರಿತು. ಈ ಸಂಖ್ಯೆ ಜಾಸ್ತಿ ಆದಷ್ಟೂ ಒಳ್ಳೆಯದೇ. (ಅಂಗಡಿಯಲ್ಲಿ ಹಬ್ ಕೊಡಿ ಅಂದರೆ ಈಗ ಸ್ವಿಚ್ಚೇ ಕೊಡುತ್ತಾರೆ, ಭಯ ಬೇಡ. ಆದರೆ ಒಂದು ಕೇಬಲ್ಲನ್ನು ಎರಡು ಮಾಡುವ ಪುಟಾಣಿ ಸ್ಪ್ಲಿಟರ್ ಕೊಳ್ಳಬೇಡಿ. ಅದರೊಳಗೆ ಸುಮ್ನೆ ತಂತಿ ಜೋಡಿಸಿರುತ್ತಾರೆ, ಅದು ಹಬ್ಬೂ ಅಲ್ಲ ಸ್ವಿಚ್ಚೂ ಅಲ್ಲ. ನೂರು ರೂಪಾಯಿ ಉಳಿಸಲು ಹೋಗಿ ನನ್ನ ಅರ್ಧ ದಿನ ತಿಂದ ಸಾಮಾನು ಅದು.)

ಹಂತ 3: ಕೂಗಿನ ಲೆಕ್ಕ. ಕ್ಯಾಮೆರಾ ಸರಿಹೋಯಿತು, ಅತಿಥಿಗಳ ನೆಟ್ ಸರಿಹೋಗಲಿಲ್ಲ. ಹೋಗುವುದೂ ಇಲ್ಲ, ಯಾಕೆಂದರೆ ಅದು ಡಿಕ್ಕಿಯ ಕತೆಯಲ್ಲ.

ಹೊಸದಾಗಿ ಬಂದ ಫೋನಿಗೆ ಯಾರ ವಿಳಾಸವೂ ಗೊತ್ತಿಲ್ಲ. ಲೈನ್ ಮನೆ ಮುಂದೆ ನಿಂತು ಕೂಗಿದ ಹಾಗೆ 'ನನಗೊಂದು ಐಪಿ ನಂಬರ್ ಕೊಡಿ' ಅಂತ ಎಲ್ಲರಿಗೂ ಕೂಗುತ್ತದೆ. ಆ ಫ್ರೇಮಿನ ಮೇಲೆ ಬರೆದಿರುವ ವಿಳಾಸ `ff:ff:ff:ff:ff:ff`, ಅಂದರೆ ಎಲ್ಲರೂ ಕೇಳಿ ಅಂತ. ಈ ಕೂಗು ಎಲ್ಲಿಯವರೆಗೆ ಕೇಳುತ್ತದೋ ಅಷ್ಟು ಜಾಗ ಒಂದು ಬ್ರಾಡ್‌ಕಾಸ್ಟ್ ಡೊಮೈನ್. ಹಬ್ ಇದನ್ನು ದಾಟಿಸುತ್ತದೆ. ಬ್ರಿಡ್ಜ್, ಸ್ವಿಚ್ ಕೂಡ ದಾಟಿಸುತ್ತವೆ, ಬಂದ ಪೋರ್ಟ್ ಬಿಟ್ಟು ಉಳಿದೆಲ್ಲದಕ್ಕೂ ಕಳಿಸುತ್ತವೆ. ನಿಲ್ಲಿಸುವುದು ರೂಟರ್ ಮಾತ್ರ. ಒಂದೇ ಸ್ವಿಚ್ಚನ್ನು ಒಳಗೇ ಬೇರೆ ಬೇರೆ ಭಾಗ ಮಾಡುವ ವಿಲ್ಯಾನ್ ಹಾಕಿದರೂ ಕೂಗು ಬೇರೆಯಾಗುತ್ತದೆ, ಆದರೆ ಅಗ್ಗದ ಸ್ವಿಚ್ಚಿನಲ್ಲಿ ಅದು ಇರುವುದಿಲ್ಲ. ಈ ಬೆಟ್ಟದಿಂದ ಆ ಬೆಟ್ಟಕ್ಕೆ ಡಿಶ್ ಇಟ್ಟು ಕೊಡುವ ವೈರ್‌ಲೆಸ್ ಲಿಂಕನ್ನು ಬ್ರಿಡ್ಜ್ ಆಗಿ ಇಟ್ಟಿದ್ದರೆ, ನಡುವೆ ಇಡೀ ಕಣಿವೆ ಇದ್ದರೂ ಕೂಗು ದಾಟುತ್ತದೆ.

'ಸರಿ, ನಮ್ಮಲ್ಲಿ ಎರಡು ರೂಟರ್ ಇದೆ, ಹಾಗಾದ್ರೆ ಎರಡು ಡೊಮೈನ್ ಅಲ್ವಾ?' ಅಂದರು ರೈಟರ್. ಅಲ್ಲ. ಎಲ್ಲರೂ ಬೀಳುವ ಹೊಂಡ ಇದೇ.

ಮನೆಗೆ ತರುವ ರೂಟರ್ ಒಂದೇ ಡಬ್ಬಿಯಾದರೂ ಒಳಗೆ ಮೂರು ಸಾಮಾನು ಇದೆ: ಎರಡು ಕಾಲಿನ ಒಂದು ರೂಟರ್, ಒಂದು ಸ್ವಿಚ್, ಒಂದು ವೈಫೈ ಆಕ್ಸೆಸ್ ಪಾಯಿಂಟ್. LAN ಅಂತ ಬರೆದ ನಾಲ್ಕು ತೂತುಗಳು ಬರೀ ಸ್ವಿಚ್ಚಿನವು. ವೈಫೈಯೂ ಆ ಸ್ವಿಚ್ಚಿಗೇ ಅಂಟಿಕೊಂಡಿದೆ. ರೂಟರಿನ ಒಂದು ಕಾಲು ಒಳಗೇ ಆ ಸ್ವಿಚ್ಚಿಗೆ ಸೇರಿದೆ, ಇನ್ನೊಂದು ಕಾಲು WAN ಅಂತ ಬರೆದ ತೂತು. ಕೂಗು ನಿಲ್ಲುವುದು LAN ಮತ್ತು WAN ನಡುವೆ ಮಾತ್ರ. ಒಂದು LAN ತೂತಿನಿಂದ ಇನ್ನೊಂದಕ್ಕೆ ಅದು ಆರಾಮಾಗಿ ಹೋಗುತ್ತದೆ.

ಆಫೀಸಿನಿಂದ ಬಂದ ಕೇಬಲ್ಲನ್ನು ಎರಡನೇ ಡಬ್ಬಿಯ LAN ತೂತಿಗೆ ಹಾಕಿದ್ದರು. WAN ಖಾಲಿ. ಅಂದರೆ ರೂಟರ್ ಭಾಗಕ್ಕೆ ಕೆಲಸವೇ ಇಲ್ಲ, ಇಡೀ ತೋಟ ಒಂದೇ ಬ್ರಾಡ್‌ಕಾಸ್ಟ್ ಡೊಮೈನ್. ಐಪಿ ಹಂಚುವ ಡಿಎಚ್‌ಸಿಪಿ ಮಾತ್ರ ಎರಡೂ ಡಬ್ಬಿಯಲ್ಲಿ ಓಡುತ್ತಿದೆ. ಫೋನ್ ಕೂಗಿದರೆ ಎರಡೂ ಉತ್ತರ ಕೊಡುತ್ತವೆ. ಮೊದಲ ಡಬ್ಬಿಯ ಉತ್ತರ ಹಿಡಿದ ಫೋನಿಗೆ ಹೊರಹೋಗುವ ಬಾಗಿಲಾದ ಗೇಟ್‌ವೇ 192.168.1.1, ನೆಟ್ ಬರುತ್ತದೆ. ಎರಡನೆಯದರ ಉತ್ತರ ಹಿಡಿದದ್ದಕ್ಕೆ 192.168.0.1, ಆ ಡಬ್ಬಿಯ WAN ಖಾಲಿ, ಹೊರಗೆ ದಾರಿಯೇ ಇಲ್ಲ. ನಿಮ್ಮಲ್ಲೂ ಹೀಗೇ ಅರ್ಧಂಬರ್ಧ ಆಗುತ್ತಿದ್ದರೆ ನೆಟ್ ಬರುವ ಒಂದು ಫೋನ್, ಬಾರದ ಒಂದು ಫೋನ್ ತಗೊಂಡು ಗೇಟ್‌ವೇ ನಂಬರ್ ಹೋಲಿಸಿ ನೋಡಿ. ಬೇರೆ ಬೇರೆ ಇದ್ದರೆ ಕತೆ ಇದೇ.

ಹಂತ 4: ನಂಬಬೇಡಿ, ಪರೀಕ್ಷೆ ಮಾಡಿ. ಐಪಿ ನಂಬರ್ ಬೇರೆ ಸಾಲಿನದ್ದು ಅಂದ ಮಾತ್ರಕ್ಕೆ ಡೊಮೈನ್ ಬೇರೆ ಅಲ್ಲ, ಮೇಲಿನದ್ದೇ ಸಾಕ್ಷಿ. ನಾನು ಹೀಗೆ ನೋಡುತ್ತೇನೆ. ಎರಡು ಲ್ಯಾಪ್‌ಟಾಪ್ ತಗೊಳ್ಳಿ, ಒಂದನ್ನು ಆಫೀಸಿನ ಸ್ವಿಚ್ಚಿಗೆ, ಒಂದನ್ನು ಹೋಂಸ್ಟೇ ಡಬ್ಬಿಯ LAN ತೂತಿಗೆ ಕೇಬಲ್ಲಿನಲ್ಲಿ ಹಾಕಿ. ಕೈಯಾರೆ 10.99.99.1 ಮತ್ತು 10.99.99.2 ಕೊಡಿ, ಮಾಸ್ಕ್ 255.255.255.0. ಮೊದಲನೆಯದರಲ್ಲಿ:

```
ping 10.99.99.2
arp -a
```

ಪಿಂಗಿಗೆ ಉತ್ತರ ಬರದಿದ್ದರೂ ಚಿಂತೆಯಿಲ್ಲ, ಫೈರ್‌ವಾಲ್ ತಡೆದಿರಬಹುದು. ನೋಡಬೇಕಾದ್ದು ಎರಡನೇ ಆಜ್ಞೆಯಲ್ಲಿ 10.99.99.2ರ ಎದುರು ಆ ಇನ್ನೊಂದು ಲ್ಯಾಪ್‌ಟಾಪಿನದ್ದೇ ಮ್ಯಾಕ್ ವಿಳಾಸ ಬಂತೇ ಅಂತ. ಪಿಂಗಿಗೆ ಮೊದಲು 'ಈ ನಂಬರ್ ಯಾರದು' ಅಂತ ಕೂಗು ಹೋಗುತ್ತದಲ್ಲ, ಅದು ಅಲ್ಲಿಗೆ ಕೇಳಿಸಿತು ಅಂತ ಅರ್ಥ. ಬಂದರೆ ಒಂದೇ ಡೊಮೈನ್. ಇದನ್ನು ಗೆಸ್ಟ್ ವೈಫೈನಲ್ಲಿ ಮಾಡಬೇಡಿ, ಒಬ್ಬರಿಗೊಬ್ಬರು ಕಾಣದ ಹಾಗೆ ಅಲ್ಲಿ ಬೀಗ ಹಾಕಿರುತ್ತಾರೆ, ತಪ್ಪು ಉತ್ತರ ಬರುತ್ತದೆ.

ಹಂತ 5: ಕೇಬಲ್ ಬದಲಿಸಿ. ಎರಡು ದಾರಿ ಇದೆ. ಎಲ್ಲ ಒಂದೇ ಆಗಿರಲಿ ಅಂದರೆ ಕೇಬಲ್ LANನಲ್ಲೇ ಇರಲಿ, ಎರಡನೇ ಡಬ್ಬಿಯ ಡಿಎಚ್‌ಸಿಪಿ ಆಫ್ ಮಾಡಿ, ಅದರ ನಂಬರನ್ನು ಮೊದಲಿನ ಡಬ್ಬಿ ಹಂಚದ ಒಂದು ವಿಳಾಸಕ್ಕೆ, 192.168.1.2 ಅನ್ನಿ, ಬದಲಿಸಿ. ಅತಿಥಿಗಳ ಕೂಗು ಆಫೀಸಿಗೆ ಬೇಡ ಅಂದರೆ ಕೇಬಲ್ಲನ್ನು WANಗೆ ಹಾಕಿ, ಬೇರೇನೂ ಮುಟ್ಟಬೇಡಿ. ನನಗೆ ಹೋಂಸ್ಟೇಗಳಲ್ಲಿ ಎರಡನೆಯದೇ ಇಷ್ಟ, ಅದನ್ನೇ ಮಾಡಿದೆ. ಕೇಬಲ್ ಒಂದು ತೂತು ಪಕ್ಕಕ್ಕೆ ಹೋಯಿತು. ಕೊಲಿಷನ್ ಡೊಮೈನ್ 10 ಇದ್ದದ್ದು 10ಕ್ಕೇ ನಿಂತಿತು, ಬ್ರಾಡ್‌ಕಾಸ್ಟ್ ಡೊಮೈನ್ 1 ಇದ್ದದ್ದು 2 ಆಯಿತು.

ಆದರೆ ಇದನ್ನು ಭದ್ರತೆ ಅಂದುಕೊಳ್ಳಬೇಡಿ. ಕೂಗು ದಾಟಲ್ಲ ನಿಜ, ಆದರೆ ಒಳಗಿನ ಅತಿಥಿ ಆಫೀಸಿನ ಯಂತ್ರದ ಐಪಿ ನಂಬರ್ ಹಾಕಿ ನೇರ ಕರೆದರೆ ಎರಡನೇ ರೂಟರ್ ಪಾಪ ದಾಟಿಸಿಯೇ ಬಿಡುತ್ತದೆ. ಅದನ್ನು ತಡೆಯಲು ಫೈರ್‌ವಾಲ್ ನಿಯಮ ಬೇರೆ ಬರೆಯಬೇಕು.

ಸಂಜೆ ಹೊರಡುವಾಗ ರೈಟರ್ ಮತ್ತೆ ಓಡಿ ಬಂದರು: ರಿಸೆಪ್ಷನ್ನಿನಿಂದ ಆಫೀಸಿನ ಪ್ರಿಂಟರ್ ಕಾಣುತ್ತಿಲ್ಲ. ಕಾಣುವುದೂ ಇಲ್ಲ, ಪ್ರಿಂಟರ್ ಹುಡುಕುವುದೂ ಕೂಗಿನಿಂದಲೇ. ಪ್ರಿಂಟರಿಗೆ 192.168.1.50 ಅಂತ ಖಾಯಂ ನಂಬರ್ ಕೊಟ್ಟು, ರಿಸೆಪ್ಷನ್ ಕಂಪ್ಯೂಟರಿನಲ್ಲಿ ಆ ನಂಬರನ್ನೇ ಟೈಪ್ ಮಾಡಿ ಸೇರಿಸಿದೆ. ಬಿಲ್ ಪ್ರಿಂಟ್ ಆಯಿತು.